ಚೀಟಿಯಲ್ಲಿ ಪಿಆರ್‌ಎನ್ ಅಂತ ಉಂಟು: ಮೆಡಿಕಲ್‌ನವರು 1-1-1 ಅಂತಾರೆ, ಹೋಮ್ ನರ್ಸ್ ಬೇಡ ಅಂತಾರೆ

ಮಲ್ಪೆ_ರಸ್ತೆ
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಅಮ್ಮನ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಮಾತ್ರೆಯ ಎದುರು ಪಿಆರ್‌ಎನ್ ಅಂತ ಬರೆದಿದ್ದಾರೆ. ಮೆಡಿಕಲ್‌ನಲ್ಲಿ ಸ್ಟ್ರಿಪ್ ಮೇಲೆ ಪೆನ್ನಲ್ಲಿ 1-1-1 ಬರೆದು ಕೊಟ್ಟರು. ಮನೆಗೆ ಬರುವ ನರ್ಸ್ ಅದನ್ನು ನೋಡಿ ಹಾಗೆ ಕೊಡಲಿಕ್ಕಿಲ್ಲ ಅಂತ ತೆಗೆದಿಟ್ಟರು. ಯಾರದ್ದು ಸರಿ? ಒಂದೇ ಸಾಲಿನಲ್ಲಿ ಹೇಳಿ.

ಕೌಂಟರ್_ಹುಡುಗ
ಅದು ಪಿಆರ್‌ಎನ್ ಅಲ್ಲ, ಪಿಎಂ. ಡಾಕ್ಟರ ಕೈಬರಹದಲ್ಲಿ ಆರ್ ಮತ್ತು ಎನ್ ಅಂಟಿದರೆ ಎಂ ಹಾಗೆಯೇ ಕಾಣ್ತದೆ. ಸಂಜೆ ಒಂದು ಕೊಡಿ, ಸಾಕು.

ಸಿಸ್ಟರ್_ಕಂಕನಾಡಿ
ಮಾರಾಯ್ರೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಜೊತೆಗೆ ಬೇರೆ ಏನು ಕೊಡ್ತಿದ್ದೀರಿ, ಅಮ್ಮನ ವಯಸ್ಸು, ತೂಕ, ಯಾವ ಆಪರೇಷನ್? ಇದು ಯಾವುದೂ ಇಲ್ಲದೆ ಒಂದೇ ಸಾಲಿನ ಉತ್ತರ ಕೊಟ್ಟರೆ ಅದು ತಪ್ಪು ಉತ್ತರವೇ ಆಗ್ತದೆ.

ಮಲ್ಪೆ_ರಸ್ತೆ
ಮಂಡಿ ಆಪರೇಷನ್. ಸಾಲು ಹೀಗೆ ಉಂಟು:

```
Tab. Paracetamol 650 mg  prn  x 15
```

ಕೌಂಟರ್_ಹುಡುಗ
ನೋಡಿ, 15 ಅಂತ ಉಂಟಲ್ಲ. ಸಂಜೆಗೊಂದು, 15 ದಿನಕ್ಕೆ. ಲೆಕ್ಕ ಕೂಡಿ ಬಂತು.

ಬಿ_ಫಾರ್ಮ್_ಮಣಿಪಾಲ
ಲೆಕ್ಕ ಕೂಡಿ ಬಂದದ್ದು ಆಕಸ್ಮಿಕ. 650ರ ಸ್ಟ್ರಿಪ್ ಹೆಚ್ಚಾಗಿ 15ರದ್ದೇ ಬರ್ತದೆ, ಡಾಕ್ಟರು ಒಂದು ಸ್ಟ್ರಿಪ್ ಬರೆದಿದ್ದಾರೆ, ಅಷ್ಟೆ. ಮಲ್ಪೆಯವರೇ, ಉಳಿದ ಮಾತ್ರೆಗಳನ್ನು 5 ದಿನಕ್ಕೆ ಕೊಟ್ಟಿದ್ದಾರಾ? ಹಾಗಿದ್ದರೆ ನಿಮ್ಮ ಮೆಡಿಕಲ್‌ನವರು 15ನ್ನು 5ರಿಂದ ಭಾಗಿಸಿ 1-1-1 ಮಾಡಿರಬೇಕು. ತಪ್ಪು ಆಗುವುದು ಅಲ್ಲೇ. ಪಿಆರ್‌ಎನ್ ಅಂದರೆ ಬೇಕಾದಾಗ ಮಾತ್ರ ಅಂತ. ಅದರ ಎದುರಿನ ಸಂಖ್ಯೆ ಎಷ್ಟು ಮಾತ್ರೆ ಕೊಟ್ಟು ಕಳಿಸಬೇಕು ಎಂಬುದಕ್ಕೆ ಮಾತ್ರ, ದಿನಕ್ಕೆ ಎಷ್ಟು ನುಂಗಬೇಕು ಎಂಬುದಕ್ಕಲ್ಲ. ಮಾತ್ರೆ ಉಳಿದರೆ ಉಳಿಯಲಿ, ಮುಗಿಸಬೇಕೆಂದಿಲ್ಲ.

ಪಿಎಂ ವಿಚಾರ: ಅದೇ ಡಾಕ್ಟರು ರಾತ್ರಿ ಮಾತ್ರೆಯನ್ನು ಹೇಗೆ ಬರೆದಿದ್ದಾರೆ ನೋಡಿ. 0-0-1 ಅಂತ ಬರೆಯುವವರು ಒಂದು ಸಾಲಿಗೆ ಮಾತ್ರ ಪಿಎಂ ಬರೆಯುವುದಿಲ್ಲ.

ಮಲ್ಪೆ_ರಸ್ತೆ
ಹೌದು, ಗ್ಯಾಸ್ ಮಾತ್ರೆಗೆ 1-0-0, ಇನ್ನೊಂದಕ್ಕೆ 0-0-1 ಅಂತ ಉಂಟು. ಮತ್ತೆ ಎಸಿಕ್ಲೊಫೆನಾಕ್ ಪ್ಯಾರಾಸಿಟಮಾಲ್ 1-0-1, 5 ದಿನ. ಅದು ನೋವಿನ ಮಾತ್ರೆ, ಬೇರೆಯೇ ಅಂತ ಹೇಳಲಿಲ್ಲ. ವಯಸ್ಸು 74, ತೂಕ 42 ಕಿಲೋ.

ಕುಂದಾಪುರ_ಕೇಶವ
ಪಿಆರ್‌ಎನ್ ಅಂದರೆ ಎಸ್‌ಒಎಸ್. ಎರಡೂ ಒಂದೇ. ನಮ್ಮಲ್ಲಿ ಎಲ್ಲರೂ ಎಸ್‌ಒಎಸ್ ಅಂತಲೇ ಬರೆಯುವುದು.

ಸಿಸ್ಟರ್_ಕಂಕನಾಡಿ
ಒಂದೇ ಅಲ್ಲ ಕೇಶವಣ್ಣ. ನಮಗೆ ಕಲಿಸಿದ್ದು ಹೀಗೆ: ಎಸ್‌ಒಎಸ್ ಅಂದರೆ ಬೇಕಾದರೆ ಒಂದು ಸಲ, ಆಮೇಲೆ ಮತ್ತೆ ಕೇಳಬೇಕು. ಪಿಆರ್‌ಎನ್ ಅಂದರೆ ಬೇಕಾದಾಗಲೆಲ್ಲ, ಆದರೆ ಮಧ್ಯದ ಅಂತರ ಮತ್ತು ದಿನದ ಮಿತಿ ದಾಟದೆ.

ಕುಂದಾಪುರ_ಕೇಶವ
ಪುಸ್ತಕದಲ್ಲಿ ಹಾಗಿರಬಹುದು. ಓಪಿಡಿಯಲ್ಲಿ ಜ್ವರಕ್ಕೆ ಎಸ್‌ಒಎಸ್ ಅಂತ 10 ಮಾತ್ರೆ ಬರೆದವರು ಒಂದೇ ಸಲ ನುಂಗಲಿ ಅಂತ ಬರೆದಿರ್ತಾರಾ?

ಬಿ_ಫಾರ್ಮ್_ಮಣಿಪಾಲ
ಬಳಕೆಯಲ್ಲಿ ಕೇಶವಣ್ಣ ಹೇಳಿದ್ದು ಸರಿ, ವಾರ್ಡಿನ ಚಾರ್ಟಿನಲ್ಲಿ ಸಿಸ್ಟರ್ ಹೇಳಿದ್ದು ಸರಿ. ಆದರೆ ಈ ಚೀಟಿಯ ನಿಜವಾದ ತೊಂದರೆ ಅದಲ್ಲ. ಆ ನೋವಿನ ಮಾತ್ರೆ ಬೇರೆ ಅಲ್ಲ, ಅದರೊಳಗೂ ಪ್ಯಾರಾಸಿಟಮಾಲ್ ಉಂಟು, ಸಾಮಾನ್ಯವಾಗಿ 325. ಸ್ಟ್ರಿಪ್ ತಿರುಗಿಸಿ ಓದಿ.

50 ಕಿಲೋಗಿಂತ ಕಡಿಮೆ ತೂಕ ಇದ್ದರೆ ದೊಡ್ಡವರಿಗೂ ಡೋಸ್ ತೂಕದ ಮೇಲೆ ನೋಡಬೇಕು. ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ ಹಿಡಿದರೆ 42 ಕಿಲೋಗೆ 630. ಅಂದರೆ 650ರ ಒಂದು ಮಾತ್ರೆಯೇ ಅವರಿಗೆ ಪೂರ್ತಿ ಡೋಸ್. 24 ಗಂಟೆಗೆ ಕಿಲೋಗೆ 60ರ ಲೆಕ್ಕದಲ್ಲಿ 2520. ಎರಡು ಔಷಧಿ ಸೇರಿದ ಆ ಜೋಡಿ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂದರೆ ಅದರಿಂದಲೇ 650 ಹೋಗ್ತದೆ. ಅದರ ಮೇಲೆ ಪಿಆರ್‌ಎನ್ ಎರಡು ಕೊಟ್ಟರೆ ಒಟ್ಟು 1950, ಮಿತಿಯೊಳಗೆ. ಮೂರು ಕೊಟ್ಟರೆ 2600, ದಾಟಿತು. 1-1-1 ಅಂದರೆ ಆ ಮೂರೇ. ಅದಕ್ಕಿಂತ ಮುಖ್ಯವಾದದ್ದು, ಬೆಳಿಗ್ಗೆಯ 1ನ್ನು ಜೋಡಿ ಮಾತ್ರೆಯ ಒಟ್ಟಿಗೇ ಕೊಟ್ಟರೆ ಒಂದೇ ಸಲಕ್ಕೆ 975 ಹೊಟ್ಟೆಗೆ ಹೋಗ್ತದೆ.

ಶೀತಕ್ಕೆ ಮನೆಯಲ್ಲಿ ಯಾವುದಾದರೂ ಮಾತ್ರೆ ಉಂಟಾ? ಅದರಲ್ಲೂ ಹೆಚ್ಚಾಗಿ ಇದೇ ಇರ್ತದೆ. ಲಿವರ್ ತೊಂದರೆ ಇದ್ದವರಿಗೆ, ಊಟ ಸೇರದವರಿಗೆ ಈ ಲೆಕ್ಕವೂ ಹೆಚ್ಚಾಗ್ತದೆ, ಅದನ್ನು ಡಾಕ್ಟರೇ ಹೇಳಬೇಕು.

ಸಿಸ್ಟರ್_ಕಂಕನಾಡಿ
ನರ್ಸ್ ಓದುವುದು ಹೇಗೆ ಅಂತ ನಾನು ಹೇಳ್ತೇನೆ. ನಮಗೆ ಪಿಆರ್‌ಎನ್ ಕಂಡ ಕೂಡಲೇ ಮೂರು ಪ್ರಶ್ನೆ: ಯಾವುದಕ್ಕೆ, ಎಷ್ಟು ಗಂಟೆಗೊಮ್ಮೆ, ದಿನಕ್ಕೆ ಗರಿಷ್ಠ ಎಷ್ಟು. ಈ ಚೀಟಿಯಲ್ಲಿ ಮೂರೂ ಇಲ್ಲ. ನೋವಿಗೋ ಜ್ವರಕ್ಕೋ ಅಂತ ಬರೆಯದಿದ್ದರೆ ಆಪರೇಷನ್ ಆದವರಲ್ಲಿ ದೊಡ್ಡ ವ್ಯತ್ಯಾಸ ಆಗ್ತದೆ. ಜ್ವರ ನೋಡದೆ ನೋವಿಗೆ ಅಂತ ಕೊಡ್ತಾ ಹೋದರೆ, ಗಾಯದ ಸೋಂಕಿನ ಜ್ವರ ಒಳಗೇ ಅಡಗಿ ಕೂತಿರ್ತದೆ. ಹಾಗಾಗಿ ಮೊದಲು ಥರ್ಮಾಮೀಟರ್, ಆಮೇಲೆ ಮಾತ್ರೆ.

ಅಂತರ ಎಣಿಸುವುದು ನಿಜವಾಗಿ ಕೊಟ್ಟ ಹೊತ್ತಿನಿಂದ, ಮಧ್ಯಾಹ್ನದ ಮಾತ್ರೆ ಎಂಬ ಹೆಸರಿನಿಂದ ಅಲ್ಲ. ಜೋಡಿ ಮಾತ್ರೆ 8ಕ್ಕೆ ಆದರೆ ಪಿಆರ್‌ಎನ್ 2 ಗಂಟೆಗೆ, ರಾತ್ರಿ 8ಕ್ಕೆ ಮತ್ತೆ ಜೋಡಿ, ತೀರಾ ಬೇಕಾದರೆ ರಾತ್ರಿ 2ಕ್ಕೆ. 6 ಗಂಟೆಯ ಅಂತರ ಇಟ್ಟುಕೊಂಡರೆ ಎಡವುವುದಿಲ್ಲ. ಹೊತ್ತು, ಜ್ವರ, 10ರಲ್ಲಿ ನೋವು ಎಷ್ಟು, ಒಂದು ಗಂಟೆ ಬಿಟ್ಟು ಎಷ್ಟಾಯಿತು, ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಬರೆಯಿರಿ.

ಆದರೆ ನಿಮ್ಮ ಹೋಮ್ ನರ್ಸ್ ಸ್ಟ್ರಿಪ್ಪನ್ನೇ ತೆಗೆದಿಟ್ಟದ್ದು ತಪ್ಪು. ಪಿಆರ್‌ಎನ್ ಅಂದರೆ ಕೇಳುವವರೆಗೆ ಸುಮ್ಮನಿರಿ ಅಂತಲ್ಲ. ಮುದುಕರು ನೋವು ಇದ್ದರೂ ಹೇಳುವುದಿಲ್ಲ. ಕಾಲು ಮಡಿಸಲಿಕ್ಕೆ ಬಿಡುವುದಿಲ್ಲ, ಮುಖ ಹಿಂಡ್ತಾರೆ, ಊಟ ಬೇಡ ಅಂತಾರೆ. ನೋಡಿ ತಿಳಿದುಕೊಳ್ಳುವುದೇ ನರ್ಸ್ ಕೆಲಸ. ಫಿಸಿಯೋ 3 ಗಂಟೆಗೆ ಬರ್ತಾರಾದರೆ 2ಕ್ಕೇ ಕೊಡಬೇಕು, ಮಂಡಿ ಬಗ್ಗಿಸುವ ಹೊತ್ತಿಗೆ ಅದು ಹಿಡಿದಿರ್ತದೆ.

ಬಿ_ಫಾರ್ಮ್_ಮಣಿಪಾಲ
ಅದಕ್ಕೆ ನನ್ನ ಒಪ್ಪಿಗೆ ಇಲ್ಲ ಸಿಸ್ಟರ್. ಫಿಸಿಯೋಗೆ ಮುಂಚೆ ಅಂತ ಚೀಟಿಯಲ್ಲಿ ಇಲ್ಲದಿದ್ದರೆ, ಇನ್ನೂ ಬಾರದ ನೋವಿಗೆ ಕೊಟ್ಟ ಹಾಗಾಯಿತು. ಬರೆಸಿಕೊಂಡೇ ಕೊಡಿ.

ಸಿಸ್ಟರ್_ಕಂಕನಾಡಿ
ನಿನ್ನೆ ಬಗ್ಗಿಸುವಾಗ ನೋವು 7 ಇತ್ತು ಅಂತ ಪುಸ್ತಕದಲ್ಲಿ ಇದ್ದರೆ ಇವತ್ತಿನ ಅಗತ್ಯ ಅದೇ. ಬರೆಸಿಕೊಂಡರೆ ಒಳ್ಳೆಯದು, ಅದು ಹೌದು.

ಪುತ್ತೂರಿನವ
ನನ್ನದು ಸಾಲ್ಬುಟಮಾಲ್ ಇನ್‌ಹೇಲರ್, 2 ಪಫ್ ಪಿಆರ್‌ಎನ್. ದಿನಕ್ಕೆ ನಾಲ್ಕು ಸಲ ತಪ್ಪದೆ ತೆಗೆದುಕೊಳ್ತಾ ಇದ್ದೇನೆ. ಪಫ್ ಎಣಿಸುವ ಕೌಂಟರ್ ಇರುವ ಇನ್‌ಹೇಲರ್, ಸ್ಪೇಸರ್, ಪೀಕ್ ಫ್ಲೋ ಮೀಟರ್ ಎಲ್ಲ ಇಟ್ಟಿದ್ದೇನೆ, ಫೋಟೋ ಹಾಕ್ಲಾ?

ಬಿ_ಫಾರ್ಮ್_ಮಣಿಪಾಲ
ಫೋಟೋ ಬೇಡ. ದಿನಾ ನಾಲ್ಕು ಸಲ ಬೇಕಾಗ್ತಾ ಇದೆ ಅಂದರೆ ಆಸ್ತಮಾ ಹಿಡಿತದಲ್ಲಿಲ್ಲ ಅಂತ ಅರ್ಥ. ಇನ್ನೊಂದು ಇನ್‌ಹೇಲರ್, ಸ್ಟೀರಾಯ್ಡಿನದ್ದು, ಕೊಟ್ಟಿದ್ದಾರಾ? ಬೇಗ ಡಾಕ್ಟರಿಗೆ ತೋರಿಸಿ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಉತ್ತರಿಸ್ತೇನೆ.

ಕೌಂಟರ್_ಹುಡುಗ
ಆದರೂ ಎರಡು ಅಕ್ಷರ ಅಂಟಿದರೆ ಎಂ ಆಗುವುದು ನಿಜ. ಚೀಟಿಯ ಫೋಟೋ ನೋಡದೆ ನಾನು ಪಿಎಂ ಅಲ್ಲ ಅಂತ ಒಪ್ಪುವುದಿಲ್ಲ.

ಮಲ್ಪೆ_ರಸ್ತೆ
ಆಸ್ಪತ್ರೆಗೆ ಫೋನ್ ಮಾಡಿದೆ. ಡ್ಯೂಟಿ ಡಾಕ್ಟರು ಹೇಳಿದ್ದು: ನೋವಿಗೆ, 650 ಒಂದು, ಯಾವುದೇ ಪ್ಯಾರಾಸಿಟಮಾಲ್ ಆಗಿ 6 ಗಂಟೆ ಬಿಟ್ಟು, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ, ಜ್ವರ 100 ದಾಟಿದರೆ ಕೊಡುವ ಮೊದಲು ಫೋನ್ ಮಾಡಿ. ಚೀಟಿಯ ಹಿಂದೆ ಬರೆದು ಅಂಟಿಸಿದ್ದೇನೆ, 1-1-1 ಹೊಡೆದು ಹಾಕಿದೆ. ಶೀತದ ಮಾತ್ರೆಯಲ್ಲೂ 500 ಇತ್ತು, ತೆಗೆದಿಟ್ಟೆ. 5 ದಿನ ಕಳೆದು ಜೋಡಿ ಮಾತ್ರೆ ನಿಂತ ಮೇಲೂ ಎರಡೇ ಕೊಡುವುದಾ, ಮೂರು ಆಗಬಹುದಾ ಅಂತ ಕೇಳಲಿಕ್ಕೆ ಬಿಟ್ಟುಹೋಯಿತು.

ಬಿ_ಫಾರ್ಮ್_ಮಣಿಪಾಲ
ಆಗ 650 ಜಾಗ ತೆರವಾಗ್ತದೆ, ಮೂರು ಅಂದರೆ 1950. ಆದರೆ ಅವರು ಎರಡು ಅಂದಿದ್ದಾರೆ, ಅವರನ್ನೇ ಕೇಳಿ.