ಸಹಾಯ ಬೇಕು: ಕೋರಿ ಗಸಿ ದಿನಾ ಒಂದೇ ರುಚಿಗೆ ಬರಲು ಹೇಗೆ ಬರೆದಿಡುವುದು?

ನಮಸ್ಕಾರ. ಮಂಗಳೂರಿನ ಕದ್ರಿಯಲ್ಲಿ ಸಣ್ಣ ಕ್ಲೌಡ್ ಕಿಚನ್ ನಡೆಸುತ್ತೇನೆ. ಅಡುಗೆಗೆ ಇಬ್ಬರು ಅಕ್ಕಂದಿರು, ಪಾಳಿ ಬದಲಾದರೆ ಗಸಿಯ ರುಚಿಯೂ ಬದಲು. ಕೇಳಿದರೆ "ಎಲ್ಲ ಅಂದಾಜು ಮಾರಾಯ್ರೆ" ಅನ್ನುತ್ತಾರೆ.

ಹಾಗಾಗಿ ಒಂದು ಹಾಳೆಯಲ್ಲಿ ಬರೆಯಲು ಕೂತೆ. 10 ಪ್ಲೇಟಿಗೆ 2 ಕಿಲೋ ಕೋಳಿ, 60 ಗ್ರಾಂ ಬ್ಯಾಡಗಿ, 35 ಗ್ರಾಂ ಉಪ್ಪು. ಮೊದಲು "2 ತೆಂಗಿನಕಾಯಿ" ಅಂತ ಬರೆದಿದ್ದೆ, ಅದೇ ತಪ್ಪು. ಕಾಯಿ ಒಂದೊಂದು ಒಂದೊಂದು ಗಾತ್ರ. ಈಗ 400 ಗ್ರಾಂ ತುರಿ ಅಂತ ತಿದ್ದಿದ್ದೇನೆ.

ಎಲ್ಲವನ್ನೂ ತೂಗಿ ಹಾಕಿದರೂ ಮೊನ್ನೆ ಒಂದು ದಿನ ಉಪ್ಪು ಜಾಸ್ತಿ, ಮರುದಿನ ಸಪ್ಪೆ. ಗಸಿಯನ್ನು ಪಾತ್ರೆ ಸಮೇತ ತೂಗಿ ನೋಡಿದೆ: ಪಾತ್ರೆ ಕಳೆದು ಒಂದು ದಿನ 3.1 ಕಿಲೋ, ಇನ್ನೊಂದು ದಿನ 3.9. ಬತ್ತಿದ್ದರಲ್ಲೇ ವ್ಯತ್ಯಾಸ! ಈಗ ಖಾಲಿ ಪಾತ್ರೆಯ ತೂಕವನ್ನು ಅದರ ಹಿಡಿಯ ಮೇಲೆಯೇ ಬರೆದಿದ್ದೇನೆ. ಗಸಿ 3.5 ಕಿಲೋಗೆ ನಿಲ್ಲಬೇಕು. ಕಡಿಮೆಯಾದರೆ ಬಿಸಿನೀರು ಹಾಕಿ ಒಂದು ಕುದಿ, ಹೆಚ್ಚಾದರೆ ಇನ್ನಷ್ಟು ಬತ್ತಿಸುವುದು. ಪ್ಲೇಟಿಗೆ 350 ಗ್ರಾಂ, ಡಬ್ಬಿಯನ್ನು ತಕ್ಕಡಿ ಮೇಲಿಟ್ಟೇ ತುಂಬುವುದು.

ಸಿಕ್ಕಿಬಿದ್ದಿರುವುದು ಎರಡು ಕಡೆ. ಹುಣಸೆ ಹಳತಾದಷ್ಟೂ ಹುಳಿ ಬೇರೆ. ಪ್ರತಿ ಹೊಸ ಮೂಟೆಗೆ ನೀವು ಅಳತೆ ಹೇಗೆ ಹೊಂದಿಸುತ್ತೀರಿ? ಗಸಿ ಇಟ್ಟಷ್ಟೂ ದಪ್ಪವಾಗುತ್ತದೆ, ರಾತ್ರಿ 9ರ ಆರ್ಡರಿಗೆ ಎಷ್ಟು ನೀರು ಸೇರಿಸಬೇಕು ಅನ್ನುವುದನ್ನು ಹಾಳೆಯಲ್ಲಿ ಹೇಗೆ ಬರೆದಿದ್ದೀರಿ? ನಿಮ್ಮ ಅಡುಗೆಮನೆಯ ಹಾಳೆಯ ಫೋಟೋ ಇದ್ದರೆ ದಯವಿಟ್ಟು ಹಾಕಿ, ಮಸಾಲೆಯ ಗುಟ್ಟು ಮುಚ್ಚಿಕೊಂಡೇ ಹಾಕಿ, ಬೇಸರವಿಲ್ಲ.