ಪ್ರಶ್ನೋತ್ತರ: ಗ್ರೀಕ್‌ನ ‘ಲೂಎತೈ’ ಮಧ್ಯಮವೋ, ಕರ್ಮಣಿಯೋ?

ಪ್ರಶ್ನೆ (ಸ್ವಂತವಾಗಿ ಗ್ರೀಕ್ ಕಲಿಯುತ್ತಿರುವವರು): ಪುರಾತನ ಗ್ರೀಕ್‌ನಲ್ಲಿ ಕರ್ತರಿ, ಕರ್ಮಣಿ ಎರಡೂ ಅರ್ಥವಾಗಿದೆ. ನಡುವೆ ‘ಮಧ್ಯಮ ಪ್ರಯೋಗ’ ಅಂತ ಇನ್ನೊಂದಿದೆ, ‘ತನಗೆ ತಾನೇ ಮಾಡಿಕೊಳ್ಳುವುದು’ ಅಂತ ಪುಸ್ತಕ ಹೇಳುತ್ತೆ. ಆದರೆ ಕೋಷ್ಟಕ ನೋಡಿದರೆ ‘ಬಿಡು’ ಅನ್ನೋ ಅರ್ಥದ ಕ್ರಿಯಾಪದದ ‘ಲೂಎತೈ’ ಅನ್ನೋ ಒಂದೇ ರೂಪವನ್ನ ಮಧ್ಯಮದಲ್ಲೂ ಕೊಟ್ಟಿದ್ದಾರೆ, ಕರ್ಮಣಿಯಲ್ಲೂ ಕೊಟ್ಟಿದ್ದಾರೆ. ವಾಕ್ಯದಲ್ಲಿ ಬಂದಾಗ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಸಂಸ್ಕೃತ ಅಧ್ಯಾಪಕರು: ಇದು ನಮ್ಮ ಆತ್ಮನೇಪದವೇ. ಸಂಸ್ಕೃತದ ‘-ತೇ’ ಅಲ್ಲಿ ‘-ತೈ’ ಆಗಿದೆ, ಅಷ್ಟೇ. ಋತ್ವಿಜ ಬೇರೆಯವರಿಗಾಗಿ ಯಾಗ ಮಾಡಿದರೆ ‘ಯಜತಿ’, ಯಜಮಾನ ತನಗಾಗಿ ಮಾಡಿದರೆ ‘ಯಜತೇ’. ಪಾಣಿನಿ 1.3.72ರಲ್ಲಿ ಹೇಳಿದ್ದೂ ಇದನ್ನೇ: ಕ್ರಿಯೆಯ ಫಲ ಕರ್ತೃವಿಗೆ ಸೇರುವಾಗ ಆತ್ಮನೇಪದ. ಹಾಗಾಗಿ ಫಲ ಕರ್ತೃವಿಗೆ ಬಂತೇ ನೋಡಿ. ಬಂದರೆ ಮಧ್ಯಮ, ಇಲ್ಲದಿದ್ದರೆ ಕರ್ಮಣಿ.

ಗ್ರೀಕ್ ಪಾಠ ಮಾಡುವವರು: ಸರ್ ಹೇಳಿದ್ದರಲ್ಲಿ ಮೊದಲರ್ಧ ಸರಿ. ಕೊನೆಯ ಸೂತ್ರವನ್ನು ಮಾತ್ರ ಹಾಗೇ ಹಿಡಿದುಕೊಂಡರೆ ತೊಂದರೆಯಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ತನಗೆ ತಾನೇ’ ಅನ್ನುವ ವಿವರಣೆಯನ್ನು ಬದಿಗಿಡಿ. ಸ್ನಾನದ ಉದಾಹರಣೆಗೆ ಅದು ಸಾಕು: ‘ಲೂಒಮೈ’ ಅಂದರೆ ಮೈ ತೊಳೆದುಕೊಳ್ಳುತ್ತೇನೆ. ಅದರಾಚೆ ಅದು ದಾರಿ ತಪ್ಪಿಸುತ್ತದೆ. ನೀವು ಕೇಳಿದ ಕ್ರಿಯಾಪದವನ್ನೇ ಇಲಿಯಡ್‌ನ ಮೊದಲ ಪುಟದಲ್ಲಿ ನೋಡಿ. (ಸ್ನಾನದ್ದು ಬೇರೆ ಧಾತು. ಬಿಡುವುದರ ‘ಲೂಒಮೈ’ ಕನ್ನಡದಲ್ಲಿ ಬರೆದಾಗ ಅದರಂತೆಯೇ ಕಾಣುತ್ತದೆ, ಗ್ರೀಕ್ ಲಿಪಿಯಲ್ಲಿ ಎರಡೂ ಬೇರೆ.)

ಅಪೊಲೋನ ಪುರೋಹಿತ ಕ್ರೈಸೇಸ್ ಅಪಾರ ಒತ್ತೆಹಣ ಹೊತ್ತು ಗ್ರೀಕರ ಹಡಗುಗಳ ಬಳಿಗೆ ಬರುತ್ತಾನೆ. ಅವನ ಮಗಳು ಅಗಮೆಮ್ನಾನ್‌ನ ವಶದಲ್ಲಿದ್ದಾಳೆ. 13ನೇ ಸಾಲಿನಲ್ಲಿ ಅವನು ಬಂದ ಉದ್ದೇಶಕ್ಕೆ ಹೋಮರ್ ಬಳಸುವುದು ‘ಲೂಸೊಮೆನೊಸ್’, ಮಧ್ಯಮ ರೂಪ. 20ನೇ ಸಾಲಿನಲ್ಲಿ ಅದೇ ಪುರೋಹಿತ ಗ್ರೀಕರನ್ನು ಬೇಡುವಾಗ ಅದೇ ಧಾತು ಕರ್ತರಿಯಲ್ಲಿದೆ. 29ನೇ ಸಾಲಿನಲ್ಲಿ ಅಗಮೆಮ್ನಾನ್ ಗದರಿಸಿ ‘ಊ ಲೂಸೋ’, ಅಂದರೆ ಬಿಡುವುದಿಲ್ಲ, ಅನ್ನುತ್ತಾನೆ. ಅದೂ ಕರ್ತರಿ.

ಧಾತು ಒಂದೇ, ಹುಡುಗಿ ಒಬ್ಬಳೇ, ದ್ವಿತೀಯಾ ವಿಭಕ್ತಿಯಲ್ಲಿರುವ ಕರ್ಮವೂ ಅವಳೇ. ಆದರೆ ಕೈಯಲ್ಲಿ ಅವಳನ್ನು ಇಟ್ಟುಕೊಂಡವನು ಮಾಡಬೇಕಾದ್ದು ಕರ್ತರಿ: ಬಿಡುವುದು. ಹಣ ಕೊಟ್ಟು ಅವಳನ್ನು ತನ್ನ ಕಡೆಗೆ ಪಡೆಯುವವನು ಮಾಡುವುದು ಮಧ್ಯಮ: ಬಿಡಿಸಿಕೊಳ್ಳುವುದು. ಅಪ್ಪ ತನ್ನನ್ನು ತಾನು ಬಿಡಿಸಿಕೊಳ್ಳುತ್ತಿಲ್ಲ, ಮಗಳನ್ನು ಬಿಡಿಸಿಕೊಳ್ಳುತ್ತಿದ್ದಾನೆ. ಆ ಕ್ರಿಯೆ ನಡೆದಾಗ ಅದರ ಪರಿಣಾಮ ಅವನಿರುವಲ್ಲಿಗೇ ಬಂದು ಸೇರುತ್ತದೆ, ಮಧ್ಯಮ ರೂಪ ಹೇಳುವುದು ಅಷ್ಟನ್ನೇ. 24ನೇ ಕಾಂಡದ 502ನೇ ಸಾಲಿನಲ್ಲಿ ಪ್ರಿಯಮ್ ಮಗನ ಶವಕ್ಕಾಗಿ ಅಖಿಲೀಸನ ಮುಂದೆ ಕೂತಾಗಲೂ ಇದೇ ‘ಲೂಸೊಮೆನೊಸ್’ ಬರುತ್ತದೆ.

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ‘ಕೊಳ್ಳು’ ಎಷ್ಟೋ ಕಡೆ ಗ್ರೀಕ್ ಮಧ್ಯಮದ ಕೆಲಸವನ್ನೇ ಮಾಡುತ್ತದೆ. ‘ಮಿಸ್ಥೋ’ ಅಂದರೆ ಬಾಡಿಗೆಗೆ ಕೊಡುತ್ತೇನೆ, ‘ಮಿಸ್ಥೂಮೈ’ ಅಂದರೆ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಆದರೆ ಇದನ್ನು ನಿಯಮ ಮಾಡಿಕೊಳ್ಳಬೇಡಿ. ‘ಅಪೊದಿದೋಮಿ’ ಅಂದರೆ ಹಿಂದಿರುಗಿಸುತ್ತೇನೆ, ಅದರ ಮಧ್ಯಮ ‘ಅಪೊದಿದೊಮೈ’ ಅಂದರೆ ಮಾರುತ್ತೇನೆ. ಇಲ್ಲಿ ಕೊಳ್ಳು ಹಚ್ಚಿದರೆ ಅರ್ಥ ತಿರುಗುಮುರುಗಾಗುತ್ತದೆ. ಅದಕ್ಕೇ ನಿಘಂಟಿನಲ್ಲಿ ಪ್ರತಿ ಕ್ರಿಯಾಪದದ ಮಧ್ಯಮ ಅರ್ಥವನ್ನು ಬೇರೆಯಾಗಿಯೇ ಓದಬೇಕು.

ಪ್ರಶ್ನೆ ಕೇಳಿದವರು: ಮೇಡಂ, ‘ಲೂಸೊಮೆನೊಸ್’ನಲ್ಲಿ ಗೊಂದಲ ಇಲ್ಲ. ‘ಲೂಎತೈ’ ಬಂದರೆ?

ಗ್ರೀಕ್ ಪಾಠ ಮಾಡುವವರು: ಹೌದು, ಗೊಂದಲ ಎಲ್ಲ ಕಾಲಗಳಲ್ಲೂ ಇಲ್ಲ. ಭವಿಷ್ಯತ್ತಿನಲ್ಲೂ, ನಡೆದುಹೋದದ್ದನ್ನು ಹೇಳುವ ಅಓರಿಸ್ಟ್‌ನಲ್ಲೂ ರೂಪಗಳು ಬೇರೆಯಾಗುತ್ತವೆ. ‘ಎಲೂಸತೊ’ ಅಂದರೆ ಬಿಡಿಸಿಕೊಂಡ, ‘ಎಲುಥೇ’ ಅಂದರೆ ಬಿಡುಗಡೆಯಾದ. ವರ್ತಮಾನ, ಇಂಪರ್ಫೆಕ್ಟ್, ಪರ್ಫೆಕ್ಟ್, ಪ್ಲೂಪರ್ಫೆಕ್ಟ್‌ಗಳಲ್ಲಿ ಮಾತ್ರ ಎರಡಕ್ಕೂ ಒಂದೇ ರೂಪ. ಅಲ್ಲಿ ಪ್ರತ್ಯಯವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ವಾಕ್ಯದ ಉಳಿದ ಪದಗಳಲ್ಲಿ.

ಎರಡು ವಾಕ್ಯ ಪಕ್ಕಪಕ್ಕ ಇಡೋಣ:

‘ಹೊ ಪತೇರ್ ಲೂಎತೈ ತೇನ್ ಥುಗತೆರ.’
‘ಹೇ ಥುಗತೇರ್ ಲೂಎತೈ ಹುಪೊ ತೂ ಬಸಿಲೆಓಸ್.’

ಮೊದಲನೆಯದರಲ್ಲಿ ಅಪ್ಪ ಪ್ರಥಮಾ ವಿಭಕ್ತಿಯಲ್ಲಿದ್ದಾನೆ, ಮಗಳು ದ್ವಿತೀಯೆಯಲ್ಲಿದ್ದಾಳೆ. ಕರ್ಮ ಕರ್ಮವಾಗಿಯೇ ಉಳಿದಿದೆ, ಹಾಗಾಗಿ ಮಧ್ಯಮ: ಅಪ್ಪ ಮಗಳನ್ನು ಬಿಡಿಸಿಕೊಳ್ಳುತ್ತಾನೆ. ಎರಡನೆಯದರಲ್ಲಿ ಮಗಳೇ ಪ್ರಥಮೆಗೆ ಬಂದಿದ್ದಾಳೆ, ದ್ವಿತೀಯೆ ಖಾಲಿ, ‘ಹುಪೊ’ ಜೊತೆ ಷಷ್ಠಿಯಲ್ಲಿ ರಾಜ ಕಾಣಿಸಿಕೊಂಡಿದ್ದಾನೆ. ಅದು ಕರ್ಮಣಿ: ರಾಜನಿಂದ ಅವಳು ಬಿಡುಗಡೆಯಾಗುತ್ತಿದ್ದಾಳೆ. ಓದುವಾಗ ಮೊದಲು ದ್ವಿತೀಯೆ ಇದೆಯೇ ಹುಡುಕಿ, ಆಮೇಲೆ ‘ಹುಪೊ’, ಆಮೇಲೆ ನಿಘಂಟು.

ಈ ಎರಡೂ ಗುರುತು ಕೈಕೊಡುವ ಜಾಗಗಳಿವೆ. ‘ಕಲಿಸು’ ಅನ್ನುವಂಥ ದ್ವಿಕರ್ಮಕ ಕ್ರಿಯೆ ಕರ್ಮಣಿಯಾದಾಗ ಒಂದು ಕರ್ಮ ದ್ವಿತೀಯೆಯಲ್ಲೇ ಉಳಿದುಬಿಡುತ್ತದೆ. ಹುಡುಗನಿಗೆ ವಿದ್ಯೆ ಕಲಿಸಲಾಗುತ್ತಿದೆ ಎಂಬಲ್ಲಿ ವಿದ್ಯೆ ದ್ವಿತೀಯೆಯಲ್ಲೇ ಇರುತ್ತದೆ, ಆದರೂ ಅದು ಕರ್ಮಣಿ. ಇನ್ನು ‘ಹುಪೊ’ ಕರ್ತರಿ ರೂಪದ ಜೊತೆಗೂ ಬರುತ್ತದೆ. ‘ಅಪೊಥ್ನೇಸ್ಕೇಯ್ ಹುಪೊ’ ಅಂದರೆ ಅಕ್ಷರಶಃ ‘ಅವರಿಂದ ಸಾಯುತ್ತಾನೆ’, ಅಂದರೆ ಅವರ ಕೈಯಲ್ಲಿ ಕೊಲ್ಲಲ್ಪಡುತ್ತಾನೆ. ‘ಹುಪೊ’ ಕರ್ತೃ ಹೊರಗಿದ್ದಾನೆ ಅಂತ ಹೇಳುತ್ತದೆ, ಕ್ರಿಯಾರೂಪ ಯಾವುದು ಅಂತ ಹೇಳುವುದಿಲ್ಲ.

ಸಂಸ್ಕೃತ ಅಧ್ಯಾಪಕರು: ನನ್ನ ಸೂತ್ರದಲ್ಲಿ ತೊಂದರೆ ಏನು ಅಂದಿದ್ದಿರಿ?

ಗ್ರೀಕ್ ಪಾಠ ಮಾಡುವವರು: ಎರಡು ಸರ್. ಸಂಸ್ಕೃತದಲ್ಲಿ ‘ಕುರುತೇ’, ‘ಕ್ರಿಯತೇ’ ಬೇರೆ ಬೇರೆ ಕಾಣುತ್ತವೆ. ಪ್ರತ್ಯಯ ಎರಡರಲ್ಲೂ ಆತ್ಮನೇಪದದ್ದೇ ಆದರೂ ಕರ್ಮಣಿಗೆ ನಡುವೆ ‘ಯ’ ಸೇರುತ್ತದೆ. ಗ್ರೀಕ್ ವರ್ತಮಾನದಲ್ಲಿ ಅಂಥ ‘ಯ’ ಇಲ್ಲ. ಸಂಸ್ಕೃತ ಓದಿದವರು ಅಭ್ಯಾಸಬಲದಿಂದ ಆ ಗುರುತನ್ನು ಹುಡುಕಿ, ಕಾಣದೇ ಹೋದಾಗ ಎಲ್ಲವನ್ನೂ ಮಧ್ಯಮ ಅಂದುಬಿಡುತ್ತಾರೆ.

ಎರಡನೆಯದು ಫಲದ ಮಾತು. ನೀವೇ ‘ಶೇತೇ’, ‘ಆಸ್ತೇ’ ನೆನಪು ಮಾಡಿಕೊಳ್ಳಿ. ಮಲಗಿರುವವನಿಗೆ, ಕೂತಿರುವವನಿಗೆ ಯಾವ ಫಲ? ಆದರೂ ಅವು ಆತ್ಮನೇಪದದಲ್ಲೇ ಇವೆ. ಅವುಗಳ ಸೋದರ ಪದಗಳಾದ ಗ್ರೀಕ್‌ನ ‘ಕೇಯ್ತೈ’, ‘ಹೇಸ್ತೈ’ ಕೂಡ ಮಧ್ಯಮದಲ್ಲೇ ಇವೆ. ಲಾಭ ಇರಬೇಕಾಗಿಲ್ಲ. ಕ್ರಿಯೆ ಕರ್ತೃವಿನ ಮೈಮೇಲೋ ಮನಸ್ಸಿನಲ್ಲೋ ನಡೆದರೂ ಸಾಕು.

ಸಂಸ್ಕೃತ ಅಧ್ಯಾಪಕರು: ಶೇತೇ ವಿಷಯ ಒಪ್ಪಿದೆ. ಆದರೆ ‘ಯಜತಿ’, ‘ಯಜತೇ’ಯಂತೆ ಎರಡೂ ರೂಪ ಇರುವ ಉಭಯಪದಿ ಧಾತುಗಳಿಗೆ ಪಾಣಿನಿಯ ಮಾತೇ ಸರಿಯಾದ ಆರಂಭ ಎಂಬುದನ್ನು ಬಿಡುವುದಿಲ್ಲ.

ಗ್ರೀಕ್ ಪಾಠ ಮಾಡುವವರು: ಅದನ್ನು ನಾನೂ ಬಿಡುವುದಿಲ್ಲ ಸರ್. ಕ್ರೈಸೇಸನ ಸಾಲಿಗೆ ಅದಕ್ಕಿಂತ ಚೊಕ್ಕ ವಿವರಣೆ ಇಲ್ಲ.

ಥಿಯಾಲಜಿ ವಿದ್ಯಾರ್ಥಿನಿ: ಮೇಡಂ, ಇದಕ್ಕೆ ಸಂಬಂಧಿಸಿದ್ದೇ ಅಂದುಕೊಂಡು ಕೇಳ್ತಿದ್ದೀನಿ. 1 ಕೊರಿಂಥ 13:8ರಲ್ಲಿ ಪ್ರವಾದನೆಗಳಿಗೆ ‘ಕತರ್ಗೇಥೇಸೊಂತೈ’ ಅಂತ ಕರ್ಮಣಿ, ಅನ್ಯಭಾಷೆಗಳಿಗೆ ‘ಪೌಸೊಂತೈ’ ಅಂತ ಮಧ್ಯಮ. ಹಾಗಾಗಿ ಅನ್ಯಭಾಷೆಗಳು ಯಾರೂ ನಿಲ್ಲಿಸದೆ ತಾವಾಗಿಯೇ ನಿಂತುಹೋಗುತ್ತವೆ ಅಂತ ಅರ್ಥ ಅಲ್ಲವೇ? ಮಧ್ಯಮ ಅಂದರೆ ‘ತಾನಾಗಿ’ ಅಂತ ನಮಗೆ ಪಾಠದಲ್ಲಿ ಹೇಳಿದ್ದರು.

ಗ್ರೀಕ್ ಪಾಠ ಮಾಡುವವರು: ಆ ವಾದ ಬಹಳ ಕಡೆ ಕೇಳಿಬರುತ್ತದೆ, ಆದರೆ ಮಧ್ಯಮ ರೂಪ ಅಷ್ಟು ಭಾರ ಹೊರುವುದಿಲ್ಲ. ‘ಪೌಓ’ ಅಂದರೆ ನಿಲ್ಲಿಸು, ‘ಪೌಒಮೈ’ ಅಂದರೆ ನಿಲ್ಲು. ಗ್ರೀಕರಿಗೆ ‘ನಿಲ್ಲು’ ಅನ್ನಲು ಇದ್ದ ಮಾಮೂಲಿ ರೂಪವೇ ಅದು. ಕನ್ನಡದಲ್ಲಿ ‘ಮಳೆ ನಿಂತಿತು’ ಅಂದರೆ ಯಾರೂ ನಿಲ್ಲಿಸಲಿಲ್ಲ ಅಂತ ಸಾರಿದಂತಾಗುವುದಿಲ್ಲ, ಕಾರಣದ ಬಗ್ಗೆ ಆ ಮಾತು ಸುಮ್ಮನಿರುತ್ತದೆ.

ಪರೀಕ್ಷೆಗೆ ಲೂಕ 8:24 ತೆಗೆಯಿರಿ. ಯೇಸು ಗಾಳಿಯನ್ನೂ ಅಲೆಗಳನ್ನೂ ಗದರಿಸುತ್ತಾನೆ, ಮುಂದಿನ ಕ್ರಿಯಾಪದವೇ ‘ಎಪೌಸಂತೊ’, ಅವು ನಿಂತವು. ನಿಲ್ಲಿಸಿದವನು ಅದೇ ವಾಕ್ಯದಲ್ಲಿ ಕಣ್ಣೆದುರಿಗೇ ಇದ್ದಾನೆ, ಆದರೂ ರೂಪ ಮಧ್ಯಮ. ಹಾಗಾಗಿ 13:8ರಿಂದ ‘ತಾವಾಗಿಯೇ’ ಅನ್ನುವುದನ್ನು ಹೊರತೆಗೆಯಲಾಗದು. ‘ಯಾರೋ ನಿಲ್ಲಿಸುತ್ತಾರೆ’ ಅನ್ನುವುದನ್ನೂ ಅಷ್ಟೇ. ಅದನ್ನು ಬೇರೆ ಆಧಾರದ ಮೇಲೆ ವಾದಿಸಬೇಕು.

ಥಿಯಾಲಜಿ ವಿದ್ಯಾರ್ಥಿನಿ: ಲೂಕ 8:24 ಈಗಲೇ ತೆಗೆದು ನೋಡಿದೆ, ಹೌದು. ಆದರೆ ಪೌಲನೇ ಒಂದಕ್ಕೆ ಒಂದು ರೂಪ, ಇನ್ನೊಂದಕ್ಕೆ ಇನ್ನೊಂದು ಬಳಸಿದ್ದಕ್ಕೆ ಏನೂ ಕಾರಣ ಇಲ್ಲವೇ?

ಗ್ರೀಕ್ ಪಾಠ ಮಾಡುವವರು: ಕ್ರಿಯಾಪದವನ್ನೇ ಬದಲಿಸಿದ್ದಾನಲ್ಲ, ರೂಪ ಅದರ ಹಿಂದೆ ಬಂದಿದೆ. ಕ್ರಿಯಾಪದ ಯಾಕೆ ಬದಲಿಸಿದ ಎಂಬುದು ಒಳ್ಳೆಯ ಪ್ರಶ್ನೆ. ಅದು ಶೈಲಿಗಾಗಿ ಎಂದು ನನಗನಿಸುತ್ತದೆ, ಬೇರೆಯಾಗಿ ಓದುವವರೂ ಇದ್ದಾರೆ.

ಪ್ರಶ್ನೆ ಕೇಳಿದವರು: ಕೊನೆಯದಾಗಿ, ಅಓರಿಸ್ಟ್‌ನಲ್ಲಿ ‘ಥೇ’ ಕಂಡರೆ ಕಣ್ಣು ಮುಚ್ಚಿ ಕರ್ಮಣಿ ಅನ್ನಬಹುದಾ?

ಗ್ರೀಕ್ ಪಾಠ ಮಾಡುವವರು: ಬೇಡ. ‘ಎಫೊಬೇಥೇನ್’ ಅಂದರೆ ಹೆದರಿದೆ, ‘ಎಬೂಲೇಥೇನ್’ ಅಂದರೆ ಬಯಸಿದೆ. ಎರಡರಲ್ಲೂ ‘ಥೇ’ ಇದೆ, ಬಯಸುವುದರಲ್ಲಿ ಕರ್ಮಣಿ ಎಲ್ಲಿಂದ ಬಂತು? ಹೋಮರ್‌ನಲ್ಲಿ ಇನ್ನೂ ಸೊಗಸಾದ ಜೋಡಿ ಇದೆ. ಹೊತ್ತು ಮುಳುಗಿ ಕತ್ತಲಾಯಿತು ಅನ್ನುವ ಒಂದೇ ಸಿದ್ಧ ಸಾಲಿನ ನಂತರ, ಇಲಿಯಡ್ 1.476ರಲ್ಲಿ ‘ಕೊಯ್ಮೇಸಂತೊ’, ಮಲಗಿದರು. ಒಡಿಸ್ಸಿ 9.169ರಲ್ಲಿ ‘ಕೊಯ್ಮೇಥೇಮೆನ್’, ಮಲಗಿದೆವು. ಒಂದರಲ್ಲಿ ಮಧ್ಯಮದ ಅಓರಿಸ್ಟ್, ಇನ್ನೊಂದರಲ್ಲಿ ‘ಥೇ’. ಮಲಗಿದ್ದು ಒಂದೇ ರೀತಿ.

ಹಾಗಾಗಿ ‘ಥೇ’ ರೂಪವನ್ನು ಕರ್ಮಣಿ ಅನ್ನದೆ, ಮಧ್ಯಮದ್ದೇ ಇನ್ನೊಂದು ಅಓರಿಸ್ಟ್ ಎಂದು ಕರೆಯುವ ವಿದ್ವಾಂಸರು ಈಗ ಹೆಚ್ಚುತ್ತಿದ್ದಾರೆ, ಕರ್ಮಣಿ ಅದರ ಒಂದು ಬಳಕೆ ಮಾತ್ರ ಅನ್ನುವುದು ಅವರ ನಿಲುವು. ನನಗೆ ಅದು ಸರಿ ಕಾಣುತ್ತದೆ.

ಸಂಸ್ಕೃತ ಅಧ್ಯಾಪಕರು: ಹಾಗಾದರೆ ‘ಎಲೂಸತೊ’, ‘ಎಲುಥೇ’ ಅಷ್ಟು ಚೊಕ್ಕವಾಗಿ ಬೇರೆಯಾಗುವುದನ್ನು ಹೇಗೆ ವಿವರಿಸುತ್ತೀರಿ? ಅಲ್ಲಿ ಭೇದ ಸ್ಪಷ್ಟವಾಗಿಯೇ ಇದೆ.

ಗ್ರೀಕ್ ಪಾಠ ಮಾಡುವವರು: ಇದೆ ಸರ್. ಕರ್ಮ ತೆಗೆದುಕೊಳ್ಳುವ ಕ್ರಿಯೆಗಳಲ್ಲಿ ಭೇದ ಗಟ್ಟಿಯಾಗಿದೆ. ಮಲಗುವ, ಹೆದರುವ, ಬಯಸುವ ಕ್ರಿಯೆಗಳಲ್ಲಿ ಸಡಿಲವಾಗಿದೆ. ಗೆರೆ ಸರಿಯಾಗಿ ಎಲ್ಲಿ ಬೀಳುತ್ತದೆ ಎಂಬುದರಲ್ಲಿ ಇನ್ನೂ ಒಮ್ಮತ ಇಲ್ಲ. ಕಲಿಯುವವರು ಸದ್ಯಕ್ಕೆ ಇಷ್ಟು ಮಾಡಿ: ‘ಥೇ’ ಕಂಡ ಕೂಡಲೇ ಆ ಕ್ರಿಯಾಪದಕ್ಕೆ ಬೇರೆ ಮಧ್ಯಮ ಅಓರಿಸ್ಟ್ ಬಳಕೆಯಲ್ಲಿದೆಯೇ ಎಂದು ನಿಘಂಟಿನಲ್ಲಿ ನೋಡಿ. ‘ಎಲೂಸತೊ’ದ ಹಾಗೆ ಇದ್ದರೆ ‘ಥೇ’ಯನ್ನು ಮೊದಲು ಕರ್ಮಣಿಯಾಗಿ ಓದಿ. ಇಲ್ಲದಿದ್ದರೆ ಮೊದಲು ಮಧ್ಯಮವಾಗಿ ಓದಿ, ವಾಕ್ಯ ಒಪ್ಪದೇ ಹೋದರೆ ಆಗ ಕರ್ಮಣಿಗೆ ಹೋಗಿ. ಹೋಮರ್ ಓದುವಾಗ ಮಾತ್ರ ಈ ಕ್ರಮವನ್ನೂ ಪೂರ್ತಿ ನಂಬಬೇಡಿ, ಕೊಯ್ಮೇಸಂತೊ ಅದಕ್ಕೇ ಅಲ್ಲಿದೆ.