ಸಹಾಯ ಬೇಕು: ಕೈಬರಹದ ನೋಟ್ಸ್‌ನಲ್ಲಿರುವ ಡೆನ್ಸಿಟಿಯ k ಬಗ್ಗೆ

ಎಲ್ಲರಿಗೂ ನಮಸ್ಕಾರ. ಸೀನಿಯರ್ ಕೊಟ್ಟ ನೋಟ್ಸ್‌ನಲ್ಲಿ ಪ್ರಾಬಬಿಲಿಟಿ ಡೆನ್ಸಿಟಿ f(x)ನಲ್ಲಿರುವ k ಕಂಡುಹಿಡಿಯುವ ಒಂದು ಲೆಕ್ಕ ಇದೆ. x 0ಯಿಂದ 3ರವರೆಗೆ. ಫಂಕ್ಷನ್ ಮಾತ್ರ ಸರಿಯಾಗಿ ಕಾಣುತ್ತಿಲ್ಲ. ಜೆರಾಕ್ಸ್‌ನಲ್ಲಿ ಕೊನೆಯ x ಮೇಲೆ ಒಂದು ಚುಕ್ಕೆ ಇದೆ. ಅದು ವರ್ಗದ ಗುರುತೋ, ಸುಮ್ನೆ ಶಾಯಿಯೋ ಗೊತ್ತಾಗುತ್ತಿಲ್ಲ.

ಮೊದಲು f(x) = kx²(3 − x) ಎಂದು ಓದಿದೆ. 0ಯಿಂದ 3ರವರೆಗೆ ಇಂಟಿಗ್ರೇಟ್ ಮಾಡಿದರೆ:

```
k(27 − 81/4) = 27k/4 = 1
k = 4/27
```

ಈ ವ್ಯಾಪ್ತಿಯಲ್ಲಿ f ಎಲ್ಲೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಸರಾಸರಿಗೆ ಇನ್ನೊಂದು x ಗುಣಿಸಿದರೆ:

```
E(X) = (4/27)(243/4 − 243/5) = 9/5
P(1 < X < 2) = (4/27)(4 − 3/4) = 13/27
```

ಸರಾಸರಿ 1.8, ಸಂಭವನೀಯತೆ ಸುಮಾರು 0.48. ಎರಡೂ ನಂಬುವ ಹಾಗಿವೆ, ಅಲ್ವಾ?

ನನ್ನ ಗೆಳತಿ ಅದನ್ನು kx²(3 − x²) ಎಂದು ಓದುತ್ತಾಳೆ. ಆಗ k = −5/108 ಬರುತ್ತದೆ. ಒಟ್ಟು ವಿಸ್ತೀರ್ಣ 1 ಆಗುತ್ತದೆ, ನಿಜ. ಆದರೆ x √3ಗಿಂತ ಕಡಿಮೆ ಇರುವಾಗ f ಋಣವಾಗುತ್ತದೆ. 1ರಿಂದ 1.5ರ ನಡುವಿನ ಸಂಭವನೀಯತೆಯೇ ಮೈನಸ್‌ನಲ್ಲಿ ಬರುತ್ತದೆ! ಹಾಗಾಗಿ ಆ ಓದು ಸಾಧ್ಯವೇ ಇಲ್ಲ ಎಂದು ನನ್ನ ವಾದ.

ನನಗೆ ಬೇಕಾದ ಸಹಾಯ ಇಷ್ಟು. f(x) ≥ 0 ಎನ್ನುವುದನ್ನು ಪರೀಕ್ಷೆಯಲ್ಲಿ ಒಂದು ಸಾಲಿನಲ್ಲಿ ಬರೆದರೆ ಸಾಕಾ, ಅಥವಾ ಜಾಸ್ತಿ ವಿವರಿಸಬೇಕಾ? ಇನ್ನೊಂದು, X/3 ಬೀಟಾ (3, 2) ಆಗುತ್ತದೆ, ಆದ್ದರಿಂದ ಸರಾಸರಿ ನೇರವಾಗಿ 3 × 3/5 ಎಂದು ಒಬ್ಬರು ಹೇಳಿದರು. ಉತ್ತರವೇನೋ ಕೂಡುತ್ತದೆ. ಆ 3 ಮತ್ತು 2 ಘಾತಗಳಿಂದ ಹೇಗೆ ಬಂದವು ಎಂದು ಯಾರಾದರೂ ಬಿಡಿಸಿ ಹೇಳುತ್ತೀರಾ?